ಮಕ್ಕಾದಿಂದ ಮದೀನಾಕ್ಕೆ: ಮದ್ಯ ನಿಷೇಧದ ಸೂಕ್ತಗಳು ಹೇಳುವ ಇತಿಹಾಸ

ಇರಾಕಿನಿಂದ ಬಂದ ವ್ಯಕ್ತಿಯೊಬ್ಬರು ಹಝ್ರತ್ ಆಯಿಶಾ(ರ)ರ ಬಳಿ ಅವರ ಕುರ್‌ಆನ್ ಪ್ರತಿಯನ್ನು ತೋರಿಸುವಂತೆ ಕೋರಿದರು. ತಮ್ಮ ಊರಿನವರು ಅಧ್ಯಾಯಗಳನ್ನು ಕ್ರಮವಿಲ್ಲದೆ ಓದುತ್ತಿರುವುದರಿಂದ ಅವರ ಪ್ರತಿಯಂತೆ ಜೋಡಿಸಿಕೊಳ್ಳಬೇಕೆಂಬುದು ಆತನ ಉದ್ದೇಶವಾಗಿತ್ತು. ಯಾವುದನ್ನು ಮೊದಲು ಓದಿದರೂ ಬಾಧಕವಿಲ್ಲವೆಂದು ಹೇಳಿದ ಆಯಿಶಾ(ರ), ನಂತರ ಅವತೀರ್ಣದ ಕ್ರಮದ ಕುರಿತು ಮಹತ್ವದ ಮಾತೊಂದನ್ನು ತಿಳಿಸಿದರು. ಸಹೀಹುಲ್ ಬುಖಾರಿಯಲ್ಲಿರುವ ಈ ವರದಿಯ ಸಾರಾಂಶ ಹೀಗಿದೆ: ಮೊದಲು ಇಳಿದದ್ದು ಸ್ವರ್ಗ ನರಕಗಳನ್ನು ಪ್ರಸ್ತಾಪಿಸುವ ಸಣ್ಣ ಅಧ್ಯಾಯ. ಜನರು ಇಸ್ಲಾಮಿನತ್ತ ಬಂದು ನೆಲೆಗೊಂಡ ಬಳಿಕವೇ ಹಲಾಲ್ ಹರಾಮ್‌ಗಳ ಆದೇಶಗಳು ಬಂದವು. ಮದ್ಯ ಕುಡಿಯಬೇಡಿರೆಂಬ ಆದೇಶವೇ ಮೊದಲು ಬಂದಿದ್ದರೆ, ಅದನ್ನು ನಾವೆಂದಿಗೂ ಬಿಡೆವು ಎಂದು ಜನರು ಹೇಳಿಬಿಡುತ್ತಿದ್ದರು.

ಅವರು ಇದಕ್ಕೆ ತಮ್ಮ ಬದುಕಿನಿಂದಲೇ ಉದಾಹರಣೆಯನ್ನೂ ಕೊಟ್ಟರು. ಅಂತಿಮ ಘಳಿಗೆಯ ಕುರಿತು ಎಚ್ಚರಿಸುವ ಅಲ್ ಕಮರ್ ಅಧ್ಯಾಯದ 46ನೇ ಸೂಕ್ತ ಇಳಿದಾಗ ಅವರು ಮಕ್ಕಾದಲ್ಲಿ ಆಟವಾಡುತ್ತಿದ್ದ ಬಾಲಕಿ. ಅಲ್ ಬಕರಃ ಮತ್ತು ಅನ್ನಿಸಾ ಅಧ್ಯಾಯಗಳು ಇಳಿದಾಗ ಪ್ರವಾದಿವರ್ಯರ(ಸ) ಪತ್ನಿಯಾಗಿ ಅವರೊಂದಿಗಿದ್ದರು. ಈ ಅಧ್ಯಾಯಗಳನ್ನು ಹೋಲಿಸಿ ನೋಡಿದರೆ ಅಂತರ ಸ್ಪಷ್ಟವಾಗುತ್ತದೆ. ಅಲ್ ಕಮರ್‌ನಲ್ಲಿ 55 ಚಿಕ್ಕ ಸೂಕ್ತಗಳಿವೆ. ನೂಹ್, ಆದ್, ಸಮೂದ್, ಲೂತ್ ಮತ್ತು ಫಿರ್‌ಔನನ ಜನತೆಯ ಪರಿಣಾಮವನ್ನು ಅದು ಒಂದರ ನಂತರ ಒಂದಾಗಿ ನೆನಪಿಸುತ್ತದೆ. ಅಲ್ಲಿ ಮಾತು ಕೇಳುತ್ತಿದ್ದವರು ಪರಲೋಕವನ್ನೇ ನಿರಾಕರಿಸುತ್ತಿದ್ದ ಕುರೈಶರು; ಅವರಿಗೆ ಕಾನೂನು ಹೇಳಿ ಪ್ರಯೋಜನವಿರಲಿಲ್ಲ. 176 ಸೂಕ್ತಗಳ ಅನ್ನಿಸಾದಲ್ಲಾದರೋ ಅನಾಥರ ಸೊತ್ತು, ವಾರಸು ಹಕ್ಕು, ವಿವಾಹ ಮತ್ತು ನ್ಯಾಯದ ವಿವರಗಳಿವೆ. ಮದೀನಾದಲ್ಲಿ ಆದೇಶವನ್ನು ಪಾಲಿಸಲು ಸಿದ್ಧವಾದ ಒಂದು ಸಮುದಾಯವಿತ್ತು, ಆ ಸಮುದಾಯದಲ್ಲಿ ವಿಧವೆಯರೂ ಅನಾಥರೂ ಇದ್ದರು.

ಆಯಿಶಾ(ರ) ಉಲ್ಲೇಖಿಸಿದ ಮದ್ಯದ ವಿಷಯವನ್ನೇ ನಾವು ಸ್ವಲ್ಪ ವಿವರವಾಗಿ ನೋಡೋಣ. ಮಕ್ಕಾದಲ್ಲಿ ಅವತೀರ್ಣವಾದ ಅನ್ನಹ್ಲ್ ಅಧ್ಯಾಯದ 67ನೇ ಸೂಕ್ತವು ಖರ್ಜೂರ ಮತ್ತು ದ್ರಾಕ್ಷಿಯಿಂದ ಜನರು ಪಡೆಯುವ ಮಾದಕ ಪೇಯವನ್ನೂ ಉತ್ತಮ ಆಹಾರವನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಅಲ್ಲಿ ನಿಷೇಧವಿಲ್ಲ, ಆದರೆ ‘ಉತ್ತಮ’ ಎಂಬ ವಿಶೇಷಣ ಆಹಾರಕ್ಕೆ ಮಾತ್ರ ಇದೆ. ಮದೀನಾದಲ್ಲಿ ಜನರು ಮದ್ಯದ ಕುರಿತು ಪ್ರಶ್ನಿಸಿದಾಗ, ಅದರಲ್ಲಿ ಪ್ರಯೋಜನಕ್ಕಿಂತ ಪಾಪವೇ ದೊಡ್ಡದೆಂದು ಅಲ್ ಬಕರಃದ 219ನೇ ಸೂಕ್ತ ಉತ್ತರಿಸಿತು. ಬಳಿಕ ಅಮಲಿನ ಸ್ಥಿತಿಯಲ್ಲಿ ನಮಾಝನ್ನು ಸಮೀಪಿಸಬಾರದೆಂದು ಅನ್ನಿಸಾದ 43ನೇ ಸೂಕ್ತ ತಡೆಯಿತು. ದಿನಕ್ಕೆ ಐದು ಹೊತ್ತು ನಮಾಝ್ ಮಾಡುವವನಿಗೆ ಕುಡಿಯಲು ಉಳಿಯುವ ಬಿಡುವು ಬಹಳ ಕಡಿಮೆ. ಹೀಗೆ ಅಭ್ಯಾಸ ಸಡಿಲಗೊಂಡ ಮೇಲೆ ಅಲ್ ಮಾಇದಃದ 90 ಮತ್ತು 91ನೇ ಸೂಕ್ತಗಳು ಮದ್ಯವನ್ನು ಸಂಪೂರ್ಣವಾಗಿ ನಿಷೇಧಿಸಿದವು. ಹಿಜರಿ 3ರಲ್ಲಿ ನಡೆದ ಉಹುದ್ ಯುದ್ಧದ ದಿನ ಬೆಳಿಗ್ಗೆ ಮದ್ಯ ಸೇವಿಸಿದ್ದ ಕೆಲವರು ಅಂದೇ ಹುತಾತ್ಮರಾದರೆಂದು ವರದಿಯಿರುವುದರಿಂದ, ಈ ಅಂತಿಮ ಆದೇಶ ಆ ಯುದ್ಧದ ನಂತರದ್ದೆಂದು ತಿಳಿಯುತ್ತದೆ.

ಆ ದಿನದ ದೃಶ್ಯವನ್ನು ಹಝ್ರತ್ ಅನಸ್(ರ) ವಿವರಿಸಿದ್ದಾರೆ. ಅವರು ಅಬೂ ತಲ್ಹಾ(ರ)ರ ಮನೆಯಲ್ಲಿ ಅತಿಥಿಗಳಿಗೆ ಖರ್ಜೂರದ ಮದ್ಯ ಬಡಿಸುತ್ತಿದ್ದರು. ಹೊರಗೆ ಘೋಷಣೆ ಕೇಳಿಸಿತು. ಅದನ್ನು ಚೆಲ್ಲಿಬಿಡು ಎಂದು ಅಬೂ ತಲ್ಹಾ(ರ) ಹೇಳಿದರು, ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತು. ಮಕ್ಕಾದ 13 ವರ್ಷಗಳಲ್ಲಿ ಪರಲೋಕದ ವಿಶ್ವಾಸವು ಮೊದಲು ಮನಸ್ಸಿನಲ್ಲಿ ಬೇರೂರಿದ್ದರಿಂದಲೇ ಈ ಆಜ್ಞಾಪಾಲನೆ ಸಾಧ್ಯವಾಯಿತು.

ಅವತೀರ್ಣದ ಸಂದರ್ಭವನ್ನು ಮರೆತರೆ ಅರ್ಥ ಎಷ್ಟು ತಿರುಚಲ್ಪಡಬಹುದು ಎಂಬುದಕ್ಕೂ ಇದೇ ಘಟನೆಯಲ್ಲಿ ನಿದರ್ಶನವಿದೆ. ನಿಷೇಧ ಬಂದೊಡನೆ ಕೆಲವರಿಗೆ ಆತಂಕವಾಯಿತು: ಹೊಟ್ಟೆಯಲ್ಲಿ ಮದ್ಯವಿರುವಾಗಲೇ ಹುತಾತ್ಮರಾದ ನಮ್ಮ ಸಹೋದರರ ಗತಿಯೇನು? ಆಗ ಅಲ್ ಮಾಇದಃದ 93ನೇ ಸೂಕ್ತವು, ವಿಶ್ವಾಸವಿರಿಸಿ ಸತ್ಕರ್ಮವೆಸಗಿದವರು ಹಿಂದೆ ಸೇವಿಸಿದ್ದರ ಬಗ್ಗೆ ದೋಷವಿಲ್ಲವೆಂದು ಸಾಂತ್ವನ ನೀಡಿತು. ಈ ಸೂಕ್ತವನ್ನು ಮಾತ್ರ ಎತ್ತಿಕೊಂಡವನಿಗೆ ಇದು ಸಜ್ಜನರಿಗೆ ಮದ್ಯದ ಅನುಮತಿಯಂತೆ ಕಾಣಬಹುದು. ಹಾಗೆಯೇ ಅನ್ನಿಸಾದ 43ನ್ನು ಮಾತ್ರ ಓದಿದವನು ನಮಾಝಿನ ಹೊರಗೆ ಕುಡಿಯಬಹುದೆಂದು ಭಾವಿಸಬಹುದು.

ಆದರೂ ಒಂದು ಎಚ್ಚರಿಕೆ ಅಗತ್ಯ. ವಿದ್ವಾಂಸರಲ್ಲಿ ಪ್ರಚಲಿತವಾದ ವಿಂಗಡಣೆಯಂತೆ ಮಕ್ಕೀ, ಮದನೀ ಎಂಬುದು ಊರಿನ ಲೆಕ್ಕವಲ್ಲ, ಹಿಜ್‌ರತ್‌ನ ಮೊದಲು ಮತ್ತು ನಂತರ ಎಂಬ ಕಾಲದ ಲೆಕ್ಕ. ಧರ್ಮ ಪೂರ್ಣಗೊಂಡುದನ್ನು ಸಾರುವ ಅಲ್ ಮಾಇದಃದ 3ನೇ ಸೂಕ್ತ ಮಕ್ಕಾದ ಸಮೀಪದ ಅರಫಾತ್‌ನಲ್ಲಿ ಇಳಿದರೂ ಅದು ಮದನಿಯೇ. ‘ಓ ಜನರೇ’ ಎಂಬ ಸಂಬೋಧನೆ ಇದ್ದರೆ ಮಕ್ಕೀ ಎಂಬ ಗುರುತೂ ಸದಾ ನಿಲ್ಲದು. ಮದನೀ ಅಧ್ಯಾಯವಾದ ಅಲ್ ಬಕರಃದ 21ನೇ ಸೂಕ್ತದಲ್ಲಿಯೇ ಆ ಸಂಬೋಧನೆಯಿದೆ. ಆದ್ದರಿಂದ ನಮ್ಮ ಮನೆಗಳಲ್ಲಿ ಕುರ್‌ಆನ್ ಅನುವಾದ ತೆರೆದಾಗ, ಅಧ್ಯಾಯದ ಆರಂಭದಲ್ಲಿ ಕೊಟ್ಟಿರುವ ಅವತೀರ್ಣದ ಕಾಲವನ್ನು ಮೊದಲು ಓದಿ, ಬಳಿಕ ಅದೇ ವಿಷಯದ ಇತರ ಸೂಕ್ತಗಳನ್ನು ಆ ಕ್ರಮದಲ್ಲಿ ನೋಡೋಣ.