ಕೋಲಿನ ದಪ್ಪದಲ್ಲಿದ್ದ ಗುಟ್ಟು

ಕ್ರಿ. ಪೂ. 404ರಲ್ಲಿ ಅಥೆನ್ಸನ್ನು ಮಣಿಸಿದ ಸ್ಪಾರ್ಟಾದ ಸೇನಾನಿ ಲೈಸಾಂಡರನ ಮೇಲೆ, ತನ್ನ ನಾಡನ್ನು ಸೂರೆಗೈದನೆಂದು ಪರ್ಷಿಯದ ಮಾಂಡಲಿಕ ಫಾರ್ನಬಾಜಸನು ದೂರಿತ್ತನು. ಒಡನೆಯೇ ಸ್ಪಾರ್ಟಾದಿಂದ ದೂತನೊಬ್ಬನು ಸೇನಾನಿಗೆ ತೊಗಲಿನ ಪಟ್ಟಿಯೊಂದನ್ನು ತಂದನೆಂಬುದು ಪ್ಲುಟಾರ್ಕನು ಹೇಳುವ ಕಥೆ.

ಪಟ್ಟಿಯಲ್ಲಿದ್ದುದು ಚೆದುರಿದ ಅಕ್ಷರಗಳು ಮಾತ್ರ. ಉದ್ದ, ದಪ್ಪಗಳಲ್ಲಿ ಒಂದೇ ಸಮನಾದ ಎರಡು ಕೋಲುಗಳಲ್ಲಿ ಒಂದು ಅಧಿಕಾರಿಗಳ ಬಳಿ, ಇನ್ನೊಂದು ಸೇನಾನಿಯ ಬಳಿ ಇದ್ದವು. ಅವರು ಪಟ್ಟಿಯನ್ನು ಸಂದಿಲ್ಲದಂತೆ ಸುತ್ತಿ, ಸುತ್ತುಗಳಿಗೆ ಅಡ್ಡಲಾಗಿ ಬರೆದು, ಬಿಚ್ಚಿ ಕಳುಹಿಸಿದ್ದರು. ಲೈಸಾಂಡರನು ತನ್ನ ಕೋಲಿಗೆ ಸುತ್ತಿದಾಗ ಅಕ್ಷರಗಳು ಕೂಡಿಕೊಂಡವು: ಊರಿಗೆ ಹಿಂದಿರುಗಬೇಕೆಂಬ ಆಜ್ಞೆ!

ಕೋಲು ತೆಳುವಾಗಿದ್ದರೆ ಸುತ್ತು ಕಿರಿದಾಗಿ ಅಕ್ಷರಗಳು ಹೊಂದುವುದಿಲ್ಲ. ಆದರೆ ದಪ್ಪವೊಂದೇ ಬೀಗದ ಕೈ. ಹಗೆಯು ಹಲವು ಕೋಲುಗಳಿಗೆ ಸುತ್ತಿ ನೋಡಿ ಗುಟ್ಟನ್ನು ಒಡೆಯಬಹುದು. ಪ್ಲುಟಾರ್ಕನು ಬರೆದದ್ದು ಸುಮಾರು 500 ವರ್ಷಗಳ ತರುವಾಯ; ಆದುದರಿಂದ ಈ ಕಥೆಯನ್ನು ಕೆಲವು ವಿದ್ವಾಂಸರು ಶಂಕಿಸುತ್ತಾರೆ.