ಚೀಲದ ಲೆಕ್ಕದಿಂದ ನ್ಯೂಟನ್‌ವರೆಗೆ: ಸಿರಿಗೇರಿ ಸೀಮೆಯ ಭತ್ತದ ಅಟ್ಟ ಮತ್ತು ಒಂದು ತೊಲೆಯ ಹೊರೆ

ಸಾರಾಂಶ

ಕಿಲೋಗ್ರಾಂ-ಬಲ ಮತ್ತು ಟನ್-ಬಲವನ್ನು ನ್ಯೂಟನ್‌ಗೆ ಬದಲಿಸುವುದು ಒಂದು ಗುಣಾಕಾರದ ಕೆಲಸ. ಆ ಗುಣಾಕಾರ ಲೆಕ್ಕದ ಯಾವ ಹಂತದಲ್ಲಿ ಬರಬೇಕು, ಬಿಟ್ಟುಹೋದರೆ ತಪ್ಪು ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಭತ್ತದ ಚೀಲಗಳನ್ನು ಹೊರುವ ಒಂದು ಉಕ್ಕಿನ ತೊಲೆಯ ಮೂಲಕ ಈ ಲೇಖನ ಪರಿಶೀಲಿಸುತ್ತದೆ. ಪರಿವರ್ತನೆ ಎರಡು ಸಲ ನಡೆದರೆ ಉತ್ತರವೇ ಅದನ್ನು ಬಯಲು ಮಾಡುತ್ತದೆ. ಬಿಟ್ಟುಹೋದರೆ ಉತ್ತರ ಸುರಕ್ಷಿತವಾಗಿ ತೋರುತ್ತದೆ, ಆದ್ದರಿಂದ ಹೆಚ್ಚು ಅಪಾಯಕಾರಿ ಎಂಬುದು ಇಲ್ಲಿನ ಮುಖ್ಯ ವಾದ.

1. ಎರಡು ಅಳತೆಗಳ ನಡುವೆ

ಬಳ್ಳಾರಿ ಜಿಲ್ಲೆಯ ಸಿರಿಗೇರಿ ಭತ್ತದ ಸೀಮೆಯ ಊರು. ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಭತ್ತದ ಮಾತು ಚೀಲದಲ್ಲೇ ನಡೆಯುತ್ತದೆ. ಚೀಲವೆಂದರೆ ವಾಡಿಕೆಯಲ್ಲಿ 75 ಕಿಲೋಗ್ರಾಂ. ಗೋದಾಮಿನಲ್ಲಿ ಚೀಲ ಎಣಿಸುತ್ತಾರೆ, ವೇಬ್ರಿಜ್ ಟನ್ನಿನಲ್ಲಿ ತೋರಿಸುತ್ತದೆ. ಅದೇ ಗೋದಾಮಿನಲ್ಲಿ ಚೀಲ ಒಟ್ಟಲು ಉಕ್ಕಿನ ತೊಲೆಗಳ ಮೇಲೆ ಅಟ್ಟ ಕಟ್ಟಬೇಕೆಂದಾಗ ಉಕ್ಕಿನ ಬಲವನ್ನು ಹೇಳುವ ಸಂಹಿತೆ ನ್ಯೂಟನ್‌ನಲ್ಲಿ ಮಾತಾಡುತ್ತದೆ. ಚೀಲದ ಲೆಕ್ಕವೂ ಸಂಹಿತೆಯ ಲೆಕ್ಕವೂ ಕೂಡುವ ಜಾಗವೇ ಈ ಲೇಖನದ ವಿಷಯ.

ಈ ಇಬ್ಬಗೆಗೆ ಒಂದು ಹಿನ್ನೆಲೆಯಿದೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಮೂಲಕ ಭಾರತ ಮೆಟ್ರಿಕ್ ಪದ್ಧತಿಗೆ ಬಂದಾಗ ಎಂಜಿನಿಯರುಗಳು ಪೌಂಡಿನ ಜಾಗದಲ್ಲಿ ಕಿಲೋಗ್ರಾಂ ಬಳಸತೊಡಗಿದರು, ಬಲಕ್ಕೂ ಅದನ್ನೇ ಬಳಸಿದರು. ಕಾಂಕ್ರೀಟಿನ ಸಂಹಿತೆಯಾದ ಐಎಸ್ 456ರ 1964ರ ಆವೃತ್ತಿಯಲ್ಲಿ ಎಂ 150 ಎಂದರೆ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ-ಬಲ. 1978ರ ಆವೃತ್ತಿಯಲ್ಲಿ ಅದರ ಜಾಗಕ್ಕೆ ಎಂ 15 ಬಂತು, ಎಂದರೆ ಚದರ ಮಿಲಿಮೀಟರಿಗೆ 15 ನ್ಯೂಟನ್. ಕರಾರುವಾಕ್ಕಾಗಿ ಬದಲಿಸಿದರೆ ಹಳೆಯ 150 ಆಗುವುದು 14.71. ಹೆಸರು ಹತ್ತರಿಂದ ಭಾಗವಾಯಿತು, ಬಲದ ಬೆಲೆ ಮಾತ್ರ ಸುಮಾರು ಶೇ. 2ರಷ್ಟು ಮೇಲೇರಿತು. ಹಳೆಯ ನಕ್ಷೆಯನ್ನು ಇಂದು ಓದುವವರು ಈ ಅಂತರವನ್ನು ನೆನಪಿಡಬೇಕು.

2. ಕಿಲೋಗ್ರಾಂ-ಬಲ ಎಂದರೆ ಏನು

ಕಿಲೋಗ್ರಾಂ ದ್ರವ್ಯರಾಶಿಯ ಮಾನ. ಚೀಲದಲ್ಲಿರುವ ಭತ್ತ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಆ ಭತ್ತ ತೊಲೆಯನ್ನು ಎಷ್ಟು ಬಲದಿಂದ ಕೆಳಕ್ಕೆ ಒತ್ತುತ್ತದೆ ಎಂಬುದು ಬೇರೆ ಪ್ರಶ್ನೆ; ಅದಕ್ಕೆ ಉತ್ತರ ಗುರುತ್ವದಿಂದ ಬರುತ್ತದೆ. ಒಂದು ಕಿಲೋಗ್ರಾಂ ದ್ರವ್ಯರಾಶಿಯ ಮೇಲೆ ಪ್ರಮಾಣಿತ ಗುರುತ್ವ ಉಂಟುಮಾಡುವ ಬಲವೇ ಒಂದು ಕಿಲೋಗ್ರಾಂ-ಬಲ. ಪ್ರಮಾಣಿತ ಗುರುತ್ವದ ಬೆಲೆಯನ್ನು 1901ರಲ್ಲಿ ತೂಕ ಮತ್ತು ಅಳತೆಗಳ ಮೂರನೆಯ ಅಂತರರಾಷ್ಟ್ರೀಯ ಸಮ್ಮೇಳನ ನಿಗದಿ ಮಾಡಿತು. ಅದರಿಂದ:

```
1 kgf = 9.80665 N
1 tf  = 1000 kgf = 9.80665 kN
1 kgf/cm² = 0.0980665 N/mm²
```

ಈ ಸಂಖ್ಯೆ ಒಪ್ಪಂದದಿಂದ ಬಂದದ್ದು, ಸಿರಿಗೇರಿಯ ನೆಲದಲ್ಲಿ ಅಳೆದದ್ದಲ್ಲ. ಸಿರಿಗೇರಿ ಇರುವ ಅಕ್ಷಾಂಶದಲ್ಲಿ ಗುರುತ್ವ ಸುಮಾರು 9.78ರಷ್ಟಿದೆ. ಹಾಗಾಗಿ ಅಲ್ಲಿನ ಒಂದು ಚೀಲ ತೊಲೆಯನ್ನು ಒತ್ತುವ ನಿಜವಾದ ಬಲ 75 ಕಿಲೋಗ್ರಾಂ-ಬಲಕ್ಕಿಂತ ಶೇ. ಕಾಲರಷ್ಟು ಕಡಿಮೆ. ಕಟ್ಟಡದ ಲೆಕ್ಕಕ್ಕೆ ಈ ವ್ಯತ್ಯಾಸ ನಗಣ್ಯ, ಆದರೆ ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ವೇಬ್ರಿಜ್ ಬಲವನ್ನು ಗ್ರಹಿಸಿದರೂ ಅದನ್ನು ಅದೇ ಜಾಗದಲ್ಲಿ ಪ್ರಮಾಣಿತ ತೂಕದ ಬಟ್ಟುಗಳನ್ನಿಟ್ಟು ಸರಿಪಡಿಸಿರುತ್ತಾರೆ. ಆದ್ದರಿಂದ ಅದು ತೋರಿಸುವುದು ದ್ರವ್ಯರಾಶಿ. ಅದನ್ನು ಬಲವಾಗಿ ಬದಲಿಸುವ ಕೆಲಸ ಇನ್ನೂ ನಮ್ಮದೇ.

3. ಒಂದು ತೊಲೆ, ನಲವತ್ತು ಚೀಲ

ಉದಾಹರಣೆಗೆ ಹೀಗೊಂದು ಅಟ್ಟವನ್ನು ತೆಗೆದುಕೊಳ್ಳೋಣ. ಎರಡು ಗೋಡೆಗಳ ನಡುವೆ 4 ಮೀಟರ್ ಅಂತರ. ಗೋಡೆಯಿಂದ ಗೋಡೆಗೆ ಐಎಸ್‌ಎಂಬಿ 150 ಎಂಬ ಐ ಆಕಾರದ ತೊಲೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಚೀಲಗಳು. ಒಂದು ತೊಲೆಯ ಪಾಲಿಗೆ 40 ಚೀಲ ಬರುತ್ತವೆ, ಹೊರೆ ಉದ್ದಕ್ಕೂ ಸಮನಾಗಿ ಹರಡಿದೆ, ತೊಲೆಯ ಮೇಲಂಚು ಪಕ್ಕಕ್ಕೆ ಸರಿಯದಂತೆ ಹಲಗೆಗಳನ್ನು ಬಿಗಿದಿದ್ದಾರೆ ಎಂದುಕೊಳ್ಳೋಣ. ಚೀಲಗಳು 3000, ಹಲಗೆ ಮತ್ತು ಹತ್ತುವ ಹಮಾಲರು 300, ತೊಲೆಯ ಸ್ವಂತ ತೂಕ ಸುಮಾರು 60. ಒಟ್ಟು 3360 ಕಿಲೋಗ್ರಾಂ.

ದ್ರವ್ಯರಾಶಿ ಹೊರೆಯಾಗುವುದು ಇಲ್ಲಿ. ಹಾಗಾಗಿ ಪರಿವರ್ತನೆಯ ಜಾಗವೂ ಇದೇ. 3360 ಕಿಲೋಗ್ರಾಂ-ಬಲ, ಎಂದರೆ 3.36 ಟನ್-ಬಲ. 9.80665ರಿಂದ ಗುಣಿಸಿದರೆ 32,950 ನ್ಯೂಟನ್ ಅಥವಾ 32.95 ಕಿಲೋನ್ಯೂಟನ್. ಇಲ್ಲಿಂದ ಮುಂದೆ ಕಿಲೋಗ್ರಾಂ ಮತ್ತೆ ಬರಬಾರದು.

ಸಮನಾಗಿ ಹರಡಿದ ಹೊರೆಗೆ ತೊಲೆಯ ನಡುಮಧ್ಯದ ಬೆಂಡಿಂಗ್ ಮೊಮೆಂಟ್ ಒಟ್ಟು ಹೊರೆಯನ್ನು ಉದ್ದದಿಂದ ಗುಣಿಸಿ ಎಂಟರಿಂದ ಭಾಗಿಸಿದಷ್ಟು. ಅದನ್ನು ತೊಲೆಯ ಸೆಕ್ಷನ್ ಮಾಡ್ಯುಲಸ್‌ನಿಂದ ಭಾಗಿಸಿದರೆ ಉಕ್ಕಿನಲ್ಲಿ ಹುಟ್ಟುವ ಸ್ಟ್ರೆಸ್ ಸಿಗುತ್ತದೆ. ಐಎಸ್‌ಎಂಬಿ 150ಕ್ಕೆ ಪಟ್ಟಿಯಲ್ಲಿ ಸಿಗುವ ಮಾಡ್ಯುಲಸ್ 96.9 ಘನ ಸೆಂಟಿಮೀಟರ್, ಎಂದರೆ 96,900 ಘನ ಮಿಲಿಮೀಟರ್.

```
M = 32950 × 4000 / 8 = 16475000 N·mm
σ = 16475000 / 96900 = 170 N/mm²
```

ಚದರ ಮಿಲಿಮೀಟರಿಗೆ 250 ನ್ಯೂಟನ್‌ ಯೀಲ್ಡ್ ಬಲದ ಸಾಮಾನ್ಯ ಉಕ್ಕಿಗೆ ಐಎಸ್ 800ರ 1984ರ ಆವೃತ್ತಿ ಒಪ್ಪುತ್ತಿದ್ದ ಮಿತಿ ಅದರ 0.66 ಪಾಲು, ಅಂದರೆ 165. ತೊಲೆ ಸ್ವಲ್ಪದರಲ್ಲಿ ಮಿತಿ ದಾಟಿದೆ. 2007ರ ಆವೃತ್ತಿ ಹೊರೆಯನ್ನು ಹೆಚ್ಚಿಸಿ ಬಲವನ್ನು ತಗ್ಗಿಸುವ ಬೇರೆ ವಿಧಾನ ಅನುಸರಿಸುತ್ತದೆ. ಕೈಲೆಕ್ಕದಲ್ಲಿ ಮಾನಗಳ ದಾರಿ ಸ್ಪಷ್ಟವಾಗಿ ಕಾಣಲೆಂದು ಇಲ್ಲಿ ಹಳೆಯ ವಿಧಾನವನ್ನು ಆರಿಸಿಕೊಂಡಿದ್ದೇವೆ.

ಇದೇ ಲೆಕ್ಕವನ್ನು ನ್ಯೂಟನ್ ಇಲ್ಲದೆಯೂ ಮಾಡಬಹುದು. 3360ನ್ನು 400 ಸೆಂಟಿಮೀಟರಿನಿಂದ ಗುಣಿಸಿ ಎಂಟರಿಂದ ಭಾಗಿಸಿದರೆ 1,68,000. ಅದನ್ನು 96.9ರಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 1734 ಕಿಲೋಗ್ರಾಂ-ಬಲ. 0.0980665ರಿಂದ ಗುಣಿಸಿದರೆ ಮತ್ತೆ 170. ಹಳೆಯ ತಲೆಮಾರಿನ ಎಂಜಿನಿಯರುಗಳು ಕಿಲೋಗ್ರಾಂ-ಬಲದಲ್ಲೇ ಕಟ್ಟಿದ ಕಟ್ಟಡಗಳು ಸರಿಯಾಗಿಯೇ ನಿಂತಿವೆ. ದೋಷ ಹಳೆಯ ಮಾನದಲ್ಲಿಲ್ಲ, ಎರಡನ್ನು ಬೆರೆಸುವುದರಲ್ಲಿದೆ.

4. ತಪ್ಪು ಎಲ್ಲಿ ಅಡಗುತ್ತದೆ

ಬೆರಕೆ ಎರಡು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯದು, ಈಗಾಗಲೇ ಬದಲಿಸಿದ ಹೊರೆಯನ್ನು ಮತ್ತೊಮ್ಮೆ 9.8ರಿಂದ ಗುಣಿಸುವುದು. ಆಗ ನಮ್ಮ ತೊಲೆಯ ಸ್ಟ್ರೆಸ್ 1666 ಬರುತ್ತದೆ. ಉಕ್ಕು 250ಕ್ಕೇ ಸೋಲುವುದರಿಂದ ಈ ಉತ್ತರ ಅಸಾಧ್ಯವೆಂದು ವಿದ್ಯಾರ್ಥಿಗೂ ಹೊಳೆಯುತ್ತದೆ, ಅವನು ಲೆಕ್ಕವನ್ನು ತಿರುವಿ ನೋಡುತ್ತಾನೆ.

ಎರಡನೆಯದು, ಗುಣಾಕಾರವನ್ನೇ ಮರೆಯುವುದು. 3360ನ್ನು ನ್ಯೂಟನ್ ಎಂದೇ ಭಾವಿಸಿ ಮುಂದುವರಿದರೆ ಸ್ಟ್ರೆಸ್ 17.3 ಬರುತ್ತದೆ. 165ರ ಮಿತಿಯ ಎದುರು ಇದು ನಿಶ್ಚಿಂತೆಯ ಸಂಖ್ಯೆ. ಯಾರೂ ತಿರುವಿ ನೋಡುವುದಿಲ್ಲ. ಇನ್ನೂ ಸಣ್ಣ ತೊಲೆ ಸಾಕು ಎಂದು ಉಕ್ಕು ಉಳಿಸಲು ಹೊರಡುವುದೂ ಉಂಟು.

ತೊಲೆ ಎಷ್ಟು ಜಗ್ಗುತ್ತದೆ ಎಂಬ ಲೆಕ್ಕದಲ್ಲಿ ಈ ಮರೆವು ಇನ್ನೂ ಸುಲಭ. ಅಲ್ಲಿ ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ ಸೂತ್ರದ ಕೆಳಭಾಗದಲ್ಲಿ ಬರುತ್ತದೆ. ಪುಸ್ತಕದಿಂದ ಎತ್ತಿಕೊಂಡ ಅದರ ಬೆಲೆ, 2,00,000, ಚದರ ಮಿಲಿಮೀಟರಿಗೆ ನ್ಯೂಟನ್‌ನಲ್ಲಿರುತ್ತದೆ. ಹೊರೆ ಕಿಲೋಗ್ರಾಂ-ಬಲದಲ್ಲೇ ಉಳಿದಿದ್ದರೂ ಸೂತ್ರ ತಕರಾರು ಮಾಡುವುದಿಲ್ಲ.

```
δ = 5 W L³ / (384 E I)
W = 32950 N, L = 4000 mm, E = 200000 N/mm², I = 7264000 mm⁴
δ = 18.9 mm
```

ಸರಿಯಾದ ಉತ್ತರ 18.9 ಮಿಲಿಮೀಟರ್. 1984ರ ಸಂಹಿತೆಯ ಸಾಮಾನ್ಯ ಮಿತಿ ಉದ್ದದ 325ನೆಯ ಒಂದು ಪಾಲು, ಇಲ್ಲಿ 12.3 ಮಿಲಿಮೀಟರ್. ತೊಲೆ ಇಲ್ಲಿ ಸ್ಪಷ್ಟವಾಗಿ ಸೋಲುತ್ತದೆ. ಗುಣಾಕಾರ ಮರೆತವರಿಗೆ ಮಾತ್ರ 1.9 ಮಿಲಿಮೀಟರ್ ಸಿಗುತ್ತದೆ, ತೊಲೆ ಗಟ್ಟಿಯಾಗಿದೆ ಎನ್ನಿಸುತ್ತದೆ.

ಇದನ್ನು ಗುರುತಿಸುವ ಉಪಾಯ ಎರಡು. ಹಿಂದೆ ತೋರಿಸಿದಂತೆ ಸ್ಟ್ರೆಸ್ಸನ್ನು ಎರಡೂ ಮಾನಗಳಲ್ಲಿ ಪೂರ್ತಿ ಲೆಕ್ಕ ಹಾಕಿ ಹೋಲಿಸುವುದು ಒಂದು. ಅಟ್ಟದ ಕೆಳಗೆ ಗೋಡೆಯಿಂದ ಗೋಡೆಗೆ ನೂಲು ಎಳೆದು, ಚೀಲ ಹೇರುವ ಮುನ್ನ ಮತ್ತು ಅರ್ಧ ಹೇರಿದ ಮೇಲೆ ನೂಲಿಗೂ ತೊಲೆಗೂ ಇರುವ ಅಂತರ ಅಳೆಯುವುದು ಇನ್ನೊಂದು. ಅರ್ಧ ಹೊರೆಗೇ ಒಂದು ಮಿಲಿಮೀಟರಿನ ಬದಲು ಎಂಟು ಒಂಬತ್ತು ಮಿಲಿಮೀಟರ್ ಜಗ್ಗಿದ್ದರೆ ಕಾಗದದಲ್ಲಿ 9.8 ಬಿಟ್ಟುಹೋಗಿದೆ ಎಂದೇ ಅರ್ಥ.

5. ಹತ್ತು ಎಂದು ಹಿಡಿದರೆ

ಸೈಟಿನಲ್ಲಿ ಒಂದು ಟನ್ನಿಗೆ ಹತ್ತು ಕಿಲೋನ್ಯೂಟನ್ ಎಂದು ಹಿಡಿಯುವ ರೂಢಿಯಿದೆ. ಇದರಿಂದ ಹೊರೆ ಶೇ. 2ರಷ್ಟು ಹೆಚ್ಚು ಬರುತ್ತದೆ. ಹೊರೆಗೆ ಇದು ಸುರಕ್ಷಿತ ಬದಿಯ ತಪ್ಪು. ನಮ್ಮ ತೊಲೆಗೆ 38 ಚೀಲ ಹೇರಿದರೆ ಕರಾರುವಾಕ್ಕಾದ ಸ್ಟ್ರೆಸ್ 162.4, ಮಿತಿಯ ಒಳಗೆ. ಹತ್ತು ಹಿಡಿದರೆ 165.6, ಮಿತಿಯ ಹೊರಗೆ. ಎಂಜಿನಿಯರು ಒಂದೆರಡು ಚೀಲ ಕಡಿಮೆ ಮಾಡಿಸುತ್ತಾನೆ, ಕೆಡುವುದೇನೂ ಇಲ್ಲ.

ಅದೇ ಹತ್ತನ್ನು ಸಾಮರ್ಥ್ಯಕ್ಕೆ ಬಳಸಿದರೆ ಮಾತು ತಿರುಗುತ್ತದೆ. ನೆಲದ ಹೊರುವ ಶಕ್ತಿಯನ್ನು ಚದರ ಮೀಟರಿಗೆ ಇಷ್ಟು ಟನ್ ಎಂದು ಹೇಳುವ ವಾಡಿಕೆ ಇನ್ನೂ ಇದೆ. ಎರೆನೆಲದ ಪರೀಕ್ಷಾ ವರದಿಯಲ್ಲಿ 10 ಟನ್ ಎಂದಿದ್ದರೆ ಅದು 98.07 ಕಿಲೋನ್ಯೂಟನ್. 100 ಎಂದು ಬರೆದರೆ ನೆಲಕ್ಕೆ ಇಲ್ಲದ ಶಕ್ತಿಯನ್ನು ಕೊಟ್ಟಂತೆ. ಹೊರೆ, ಸಾಮರ್ಥ್ಯ ಎರಡನ್ನೂ ಹತ್ತರಿಂದಲೇ ಗುಣಿಸಿದರೆ ತಪ್ಪು ಪರಸ್ಪರ ಕಳೆದುಹೋಗುತ್ತದೆ. ಹೊರೆಗೆ 9.81, ಸಾಮರ್ಥ್ಯಕ್ಕೆ 10 ಎಂದು ಬೆರೆಸಿದಾಗ ಮಾತ್ರ ಅದು ಅಪಾಯದ ಬದಿಗೆ ನಿಲ್ಲುತ್ತದೆ. ಹೊರೆಗೆ ಹತ್ತು ಹಿಡಿಯಬಹುದು. ಟನ್‌ನಲ್ಲಿ ಹೇಳಿದ ಸಾಮರ್ಥ್ಯಕ್ಕೆ 9.8ಕ್ಕಿಂತ ಹೆಚ್ಚು ಹಿಡಿಯಬಾರದು ಎಂಬುದೇ ಇದರಿಂದ ಹೊರಡುವ ನಿಯಮ.

6. ಉಪಸಂಹಾರ

ಈ ಅಟ್ಟಕ್ಕೆ ಪರಿಹಾರ ಕಷ್ಟದ್ದಲ್ಲ. ಐಎಸ್‌ಎಂಬಿ 200 ಹಾಕಿದರೆ ಅದರ ಹೆಚ್ಚಿನ ಸ್ವಂತ ತೂಕ ಸೇರಿಸಿದರೂ ಸ್ಟ್ರೆಸ್ 74.6ಕ್ಕೆ, ಜಗ್ಗು 6.2 ಮಿಲಿಮೀಟರಿಗೆ ಇಳಿಯುತ್ತದೆ. ಆದರೆ ದೊಡ್ಡ ತೊಲೆ ಬೇಕೆಂದು ತಿಳಿಯುವುದು 3360ರ ಮುಂದೆ ಮಾನ ಬರೆದಿದ್ದಾಗ ಮಾತ್ರ. ಲೆಕ್ಕದ ಪ್ರತಿ ಸಾಲಿನಲ್ಲೂ ಸಂಖ್ಯೆಯ ಪಕ್ಕದಲ್ಲಿ ಮಾನ ಬರೆಯಬೇಕು. ಕಿಲೋಗ್ರಾಂನಿಂದ ನ್ಯೂಟನ್‌ಗೆ ದಾಟುವ ಸಾಲು ಒಂದೇ ಇರಬೇಕು, ಅದಕ್ಕೆ ಗೆರೆ ಎಳೆದು ಗುರುತು ಮಾಡಿರಬೇಕು. ಲೆಕ್ಕವನ್ನು ಪರಿಶೀಲಿಸುವವರು ಮೊದಲು ಹುಡುಕಬೇಕಾದದ್ದು ಆ ಸಾಲನ್ನೇ. ಅದು ಕಾಣದಿದ್ದರೆ ಉತ್ತರ ಎಷ್ಟೇ ನೆಮ್ಮದಿಯದಾಗಿ ತೋರಿದರೂ ಆ ಅಟ್ಟದ ಕೆಳಗೆ ಚೀಲ ಹೊತ್ತು ಓಡಾಡಿ ಎಂದು ಹಮಾಲರಿಗೆ ಹೇಳಬಾರದು.