ಪ್ರಾಂಪ್ಟರ್‌ಗೆ ಬರೆಯುವ ಕನ್ನಡ

1950ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯ ಧಾರಾವಾಹಿಯೊಂದರಲ್ಲಿ ಮೊದಲು ಬಳಕೆಗೆ ಬಂದ ಟೆಲಿಪ್ರಾಂಪ್ಟರ್ ಬರೀ ಕಾಗದದ ಸುರುಳಿ. ಮಾತು ಮರೆಯುವ ನಟರಿಗಾಗಿ ಕ್ಯಾಮೆರಾದ ಪಕ್ಕದಲ್ಲೇ ಅದನ್ನು ಸುತ್ತುತ್ತಿದ್ದರು. ಓದುವವರ ನೋಟ ಸ್ವಲ್ಪ ಓರೆಯಾಗುತ್ತಿತ್ತು. ಆಮೇಲೆ ಲೆನ್ಸ್‌ನ ಮುಂದೆ ಗಾಜನ್ನು 45 ಡಿಗ್ರಿ ಓರೆಯಾಗಿಟ್ಟು, ಅದರ ಮೇಲೆ ಅಕ್ಷರ ಪ್ರತಿಫಲಿಸುವಂತೆ ಮಾಡಿದಾಗ ನೋಟ ನೇರವಾಯಿತು. 1980ರ ದಶಕದಲ್ಲಿ ಕಂಪ್ಯೂಟರ್ ಬಂದು ಕಾಗದ ಹೋಯಿತು. ಯಂತ್ರದ ಕಥೆ ಬಹುಮಟ್ಟಿಗೆ ಇಷ್ಟೇ. ಅದಕ್ಕೆ ತಕ್ಕಂತೆ ಬರೆಯುವುದು ಬೇರೆಯೇ ಕೆಲಸ, ಕನ್ನಡದಲ್ಲಂತೂ ಅದು ಇನ್ನೂ ಮುಗಿದಿಲ್ಲ.

ಮೊದಲಿಗೆ ನಮ್ಮಲ್ಲಿ ಕಿವಿಗೆ ಬರೆಯುವುದನ್ನು ಕಲಿಸಿದ್ದು ರೇಡಿಯೋ. ಅಲ್ಲಿ ಓದುವವರ ಕಣ್ಣು ಎಲ್ಲಿದ್ದರೂ ನಡೆಯುತ್ತಿತ್ತು, ಸಾಲು ಎಷ್ಟು ಉದ್ದವಿದ್ದರೂ ಯಾರಿಗೂ ಕಾಣುತ್ತಿರಲಿಲ್ಲ. ಟೀವಿಯಲ್ಲಿ ಹಾಗಲ್ಲ. ಎರಡು ಮೀಟರ್ ದೂರದಲ್ಲಿರುವ 20 ಸೆಂಟಿಮೀಟರ್ ಅಗಲದ ಸಾಲನ್ನು ಓದಲು ಕಣ್ಣು ಸುಮಾರು ಆರು ಡಿಗ್ರಿ ಹರಿಯಬೇಕು. ಕ್ಯಾಮೆರಾವನ್ನು ನಾಲ್ಕು ಮೀಟರ್‌ಗೆ ಸರಿಸಿದರೆ ಅದು ಅರ್ಧವಾಗುತ್ತದೆ, ಆದರೆ ಅಕ್ಷರವೂ ಅಷ್ಟೇ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಉಳಿದ ದಾರಿ ಸಾಲನ್ನೇ ಮೋಟು ಮಾಡುವುದು.

1994ರಲ್ಲಿ ಉದಯ ಟೀವಿ ಬಂದು, 2006ರ ಟಿವಿ9 ನಂತರ ದಿನವಿಡೀ ಸುದ್ದಿ ಓದುವ ವಾಹಿನಿಗಳು ಹೆಚ್ಚಿದವು. ನಿರೂಪಕರ ಮುಂದೆ ಪ್ರಾಂಪ್ಟರ್ ನಿಂತಿತು, ಆದರೆ ಅದರ ಪದ್ಧತಿ ಇಂಗ್ಲಿಷ್‌ನದು. ಒತ್ತಿ ಹೇಳಬೇಕಾದ ಪದವನ್ನು ದೊಡ್ಡಕ್ಷರದಲ್ಲಿ ಬರೆಯುವುದು ಅವರ ರೂಢಿ. ನಮ್ಮ ಲಿಪಿಯಲ್ಲಿ ಅಂಥ ಭೇದವೇ ಇಲ್ಲ. ದಪ್ಪ ಮಾಡಿದರೆ ಒತ್ತಕ್ಷರ ಕಲೆಸಿಹೋಗುತ್ತದೆ, ಆದ್ದರಿಂದ ಬಣ್ಣ ಬದಲಿಸುವುದೇ ಮೇಲು. ಸಾಲುಗಳ ನಡುವಿನ ಜಾಗವೂ ಇಂಗ್ಲಿಷ್‌ಗಿಂತ ಹೆಚ್ಚು ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಯೂನಿಕೋಡ್‌ಗೆ ಬದಲಿಸದೆ ಪ್ರಾಂಪ್ಟರ್‌ಗೆ ಹಾಕಿದರೆ ತೆರೆಯ ಮೇಲೆ ಬರುವುದು ಗೀಚು.

ಈಗ ಮೊಬೈಲು, ಟ್ಯಾಬ್ಲೆಟ್ಟಿನಲ್ಲೇ ಪ್ರಾಂಪ್ಟರ್ ಸಿಗುತ್ತದೆ. ಸುದ್ದಿಮನೆ ಕಾಣದವರೂ ಅದಕ್ಕೆ ಬರೆಯಬೇಕಾಗಿದೆ. ಹೊಸಕೋಟೆ ಬಳಿಯ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದು ಕೆಲಸಗಾರರಿಗಾಗಿ ಸುರಕ್ಷತೆಯ ವಿಡಿಯೊ ಮಾಡಿಸುತ್ತಿದೆ ಎಂದುಕೊಳ್ಳಿ. ಕಚೇರಿಯಿಂದ ಬರುವ ಸಾಲು ಹೀಗಿರುತ್ತದೆ: ‘ಯಂತ್ರದ ದುರಸ್ತಿಗೆ ತೆರಳುವ ಮುನ್ನ ವಿದ್ಯುತ್ ಸಂಪರ್ಕವು ಸ್ಥಗಿತಗೊಂಡಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.’ ಇದನ್ನು ಹಾಗೇ ಹಾಕಿದರೆ ಕೊನೆಯ ಪದವೊಂದೇ ಒಂದು ಸಾಲು ನುಂಗುತ್ತದೆ. ಮಾಡಬೇಕಾದದ್ದೇನು ಎಂಬುದು ಅಲ್ಲಿಯವರೆಗೂ ಓದುವವರಿಗೇ ಗೊತ್ತಾಗುವುದಿಲ್ಲ, ದನಿ ಮುಗ್ಗರಿಸುತ್ತದೆ. ಮಾತಿಗೆ ಇಳಿಸಿದರೆ:

ಮಷಿನ್ ರಿಪೇರಿಗೆ
ಕೈ ಹಾಕುವ ಮೊದಲು /
ಕರೆಂಟ್ ಆಫ್ ಮಾಡಿ. //

ಸ್ವಿಚ್ಚಿಗೆ ಬೀಗ ಹಾಕಿ. /
ಬೀಗದ ಕೀ
ನಿಮ್ಮ ಹತ್ತಿರವೇ ಇರಲಿ. //

ಒಂದು ಗೀಟು ಅಂದರೆ ಸಣ್ಣ ತಡೆ, ಎರಡು ಅಂದರೆ ಉಸಿರು ತೆಗೆದುಕೊಳ್ಳುವಷ್ಟು. ಎರಡು ಮೂರು ಪದಕ್ಕೆ ಸಾಲು ಮುರಿದಿದೆ, ಆದರೆ ಪದ ಎಣಿಸಿ ಮುರಿದದ್ದಲ್ಲ. ‘ಬೀಗದ’ ಒಂದು ಸಾಲಿನಲ್ಲಿ, ‘ಕೀ’ ಇನ್ನೊಂದರಲ್ಲಿ ಬಿದ್ದರೆ ಓದುವವರು ತಮಗರಿವಿಲ್ಲದೆ ಅಲ್ಲಿ ನಿಲ್ಲುತ್ತಾರೆ. ಇದಕ್ಕಿಂತ ಅಪಾಯದ್ದು ‘ಇಲ್ಲ’. ‘ಒಳಗೆ ಹೋಗಲು ಅನುಮತಿ’ ಎಂದು ಸಾಲು ಮುಗಿದು, ‘ಇಲ್ಲ’ ಕೆಳಗೆ ಹೋದರೆ ದನಿ ಮೊದಲ ಸಾಲಿನಲ್ಲೇ ಇಳಿದುಬಿಡುತ್ತದೆ. ಕೇಳಿದವರಿಗೆ ಅನುಮತಿ ಸಿಕ್ಕಂತೆ. ‘ಅನುಮತಿ ಇಲ್ಲ’ ಎಂಬುದು ಯಾವಾಗಲೂ ಒಂದೇ ಸಾಲಿನಲ್ಲಿರಬೇಕು. ಅಗಲ ನೋಡಿ ತಾನೇ ಸಾಲು ಮುರಿಯುವ ಆ್ಯಪ್‌ಗೆ ಇದು ತಿಳಿಯದು, ಅದಕ್ಕೇ ಪ್ರತಿ ಸಾಲಿಗೂ ನಾವೇ ಎಂಟರ್ ಒತ್ತಬೇಕು.

ಸೂಚನೆಗಳನ್ನು ಪದದಲ್ಲಿ ಬರೆಯದೆ ಗುರುತಿನಲ್ಲೇ ಇಡುವುದಕ್ಕೂ ಕಾರಣವಿದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ ಭಾಷಣದ ಮಧ್ಯೆ ‘ಪಾಜ್’, ಅಂದರೆ ತಡೆ, ಎಂಬ ಸೂಚನೆಯನ್ನೇ ಓದಿಬಿಟ್ಟರು. ತೆರೆಯ ಮೇಲೆ ಪದ ಕಂಡರೆ ಬಾಯಿ ಓದುತ್ತದೆ, ಅದು ಆವರಣದೊಳಗಿದ್ದರೂ ಅಷ್ಟೆ. ಅಂಕಿಯದು ಇದರ ಉಲ್ಟಾ ತೊಂದರೆ: 2,35,000 ಎಂದಿದ್ದರೆ ಸೊನ್ನೆ ಎಣಿಸುತ್ತಾ ಕಣ್ಣು ನಿಲ್ಲುತ್ತದೆ. ‘ಎರಡು ಲಕ್ಷದ ಮೂವತ್ತೈದು ಸಾವಿರ’ ಎಂದು ಬರೆದಿಟ್ಟರೆ ಸರಾಗ.

ಬಿಡುವು ಮಾತ್ರ ಸ್ಟುಡಿಯೊದಲ್ಲೂ ಮೊಬೈಲಿನಲ್ಲೂ ಒಂದೇ ಬಗೆಯಲ್ಲಿ ಬರುವುದಿಲ್ಲ. ಸ್ಟುಡಿಯೊದಲ್ಲಿ ಆಪರೇಟರ್ ಇರುತ್ತಾರೆ, ಓದುವವರು ನಿಂತರೆ ಅವರೂ ನಿಲ್ಲಿಸುತ್ತಾರೆ. ಗೊತ್ತುಮಾಡಿದ ವೇಗದಲ್ಲೇ ಓಡುವ ಆ್ಯಪ್ ನೀವು ಹಾಕಿದ ಗೀಟಿಗೆ ಕಾಯುವುದಿಲ್ಲ. ಅಲ್ಲಿ ಬಿಡುವು ಬೇಕಾದರೆ ಖಾಲಿ ಸಾಲನ್ನೇ ಬಿಡಬೇಕು. ಆ ಸಾಲು ಓದುವ ಜಾಗ ದಾಟುವ ಹೊತ್ತೇ ಉಸಿರಿನ ಹೊತ್ತು. ಓದುವವರ ದನಿ ಪ್ಯಾರಾದ ಕೊನೆಗೆ ಓಡತೊಡಗಿದರೆ ಖಾಲಿ ಸಾಲು ಸಾಲದೆ ಬಂದಿದೆ ಎಂದೇ ಅರ್ಥ. ವೇಗಕ್ಕೆ ಇಂಗ್ಲಿಷ್‌ನ ನಿಮಿಷಕ್ಕಿಷ್ಟು ಪದ ಎಂಬ ಲೆಕ್ಕವನ್ನು ತರಬೇಡಿ, ನಮ್ಮ ಪದಗಳು ಉದ್ದ. ಓದುವವರಿಂದಲೇ ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ಎಷ್ಟು ಸಾಲು ಮುಗಿಯಿತೋ ಅದಕ್ಕೆ ವೇಗ ಹೊಂದಿಸಿ.